ಭಾಷಣ, ಸಂದರ್ಶನಗಳನ್ನು ಆ್ಯಪ್ ತಾನೇ ಕನ್ನಡದಲ್ಲಿ ಬರೆದುಕೊಡುತ್ತದೆಯೇ? “ನೀರು ಬಂದಿಲ್ಲ” ಎನ್ನುವುದು “ನೀರು ಬಂದಿದೆ” ಆಗುವುದು ಹೇಗೆ?

“ಇನ್ನು ಕೂತು ಟೈಪ್ ಮಾಡಬೇಕಾಗಿಲ್ಲ. ಈ ಆ್ಯಪ್ ಹಾಕಿಕೊಳ್ಳಿ, ಒಂದು ಗಂಟೆಯ ಭಾಷಣ ಐದೇ ನಿಮಿಷದಲ್ಲಿ ಕನ್ನಡದಲ್ಲಿ ಬರೆದು ಬರುತ್ತದೆ, 100% ಸರಿಯಾಗಿರುತ್ತದೆ.” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ವಿದ್ಯಾರ್ಥಿಗಳು, ಪತ್ರಕರ್ತರು, ಊರಿನ ಹಿರಿಯರ ಮಾತನ್ನು ದಾಖಲಿಸುವವರು ಇದನ್ನು ಆಸೆಯಿಂದ ಹಂಚಿಕೊಳ್ಳುತ್ತಾರೆ. ಆಸೆಪಡುವುದು ಸಹಜ. ಒಂದು ಗಂಟೆಯ ಧ್ವನಿಯನ್ನು ಕೈಯಿಂದ ಬರೆದಿಳಿಸಲು ಪಳಗಿದವರಿಗೂ ಸುಮಾರು ನಾಲ್ಕು ಗಂಟೆ ಬೇಕು.

ಈ ಸಂದೇಶದ ಮೊದಲರ್ಧ ನಿಜ. ಮಾತನ್ನು ಕನ್ನಡ ಅಕ್ಷರಕ್ಕೆ ಇಳಿಸುವ ಸಾಧನಗಳು ಇವೆ, ಬೇಗ ಕೆಲಸ ಮಾಡುತ್ತವೆ, ಹಲವು ಉಚಿತವಾಗಿಯೂ ಸಿಗುತ್ತವೆ. ಎರಡನೆಯ ಅರ್ಧ ಸುಳ್ಳು. ಅವು ತಪ್ಪು ಮಾಡುತ್ತವೆ ಎನ್ನುವುದಷ್ಟೇ ಸಮಸ್ಯೆಯಲ್ಲ. ತಪ್ಪನ್ನು ಓದಿದರೆ ಅದು ತಪ್ಪು ಎಂದು ಗೊತ್ತಾಗದ ಹಾಗೆ ಬರೆಯುತ್ತವೆ. ಇದು ಹೇಗಾಗುತ್ತದೆ ಎಂದು ಬಾಗಲಕೋಟೆ ಜಿಲ್ಲೆಯ ಒಂದು ಊರನ್ನು ಇಟ್ಟುಕೊಂಡು ನೋಡೋಣ.

ರಾಮಥಾಳದಲ್ಲಿ ಒಂದು ಸಂದರ್ಶನ

ಹುನಗುಂದ ಭಾಗದ ರಾಮಥಾಳದ ಹೆಸರನ್ನು ನೀರಾವರಿಯ ವಿಷಯದಲ್ಲಿ ನೀವು ಕೇಳಿರಬಹುದು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿಯ ಮೂಲಕ ಕೊಡುವ ಯೋಜನೆ ಇದೇ ಊರಿನ ಹೆಸರಿನಲ್ಲಿದೆ. ಕೃಷ್ಣಾ ಭಾಗ್ಯ ಜಲ ನಿಗಮ ಕೈಗೊಂಡ ಈ ಯೋಜನೆಯನ್ನು ನೋಡಲು, ರೈತರನ್ನು ಮಾತನಾಡಿಸಲು ಕೃಷಿ ವಿದ್ಯಾರ್ಥಿಗಳೂ ಪತ್ರಕರ್ತರೂ ಬರುವುದುಂಟು. ಯಾರ ಹೊಲಕ್ಕೆ ನೀರು ಬಂತು, ಯಾರ ಹೊಲಕ್ಕೆ ಬರಲಿಲ್ಲ ಎನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ.

ಈಗ ಒಂದು ಕಾಲ್ಪನಿಕ ಉದಾಹರಣೆ. ಒಬ್ಬ ವಿದ್ಯಾರ್ಥಿನಿ ಅಲ್ಲಿನ ರೈತರೊಬ್ಬರನ್ನು ಮಾತನಾಡಿಸುತ್ತಾಳೆ. “ಹೊಲ ಎಷ್ಟೈತ್ರಿ ಕಾಕಾ? ಏನ ಬೆಳೆದ್ರಿ?” ಎಂದು ಕೇಳಿದಾಗ ಅವರು ಹೀಗೆ ಹೇಳುತ್ತಾರೆ ಎಂದುಕೊಳ್ಳಿ:

“ನಮ್ದು ದೀಡ ಎಕರೆ ಎರಿ ಹೊಲ ಐತ್ರಿ. ಹೋದ ವರ್ಷ ಕಡ್ಲಿ ಹಾಕಿದ್ವಿ. ಪೈಪಿನ್ಯಾಗ ನೀರ ಸರಿಯಾಗಿ ಬಂದಿಲ್ರಿ.”

ಉತ್ತರ ಕರ್ನಾಟಕದವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ದೀಡ ಎಂದರೆ ಒಂದೂವರೆ. ಎರಿ ಹೊಲ ಎಂದರೆ ಕಪ್ಪು ಮಣ್ಣಿನ ಹೊಲ. ಒಂದೂವರೆ ಎಕರೆಯಲ್ಲಿ ಕಡಲೆ ಬಿತ್ತಿದ್ದರು, ಪೈಪಿನಲ್ಲಿ ನೀರು ಸರಿಯಾಗಿ ಬರಲಿಲ್ಲ. ಇದೇ ಮಾತನ್ನು ಆ್ಯಪ್‌ಗೆ ಕೊಟ್ಟರೆ ಹೀಗೆ ಬರೆದುಕೊಡಬಹುದು:

“ನಮ್ಮದು ದೊಡ್ಡ ಎಕರೆ ಏರಿ ಹೊಲ ಐತ್ರಿ. ಹೋದ ವರ್ಷ ಕಡಲೆ ಹಾಕಿದ್ವಿ. ಪೈಪಿನಾಗ ನೀರು ಸರಿಯಾಗಿ ಬಂದಿದೆ.”

ರೈತರು ಹೇಳಿದ್ದು 14 ಪದ. ಅದರಲ್ಲಿ 7 ಪದ ಬದಲಾಗಿವೆ. ತಜ್ಞರು ಇದನ್ನು ‘ಪದ ದೋಷ ಪ್ರಮಾಣ’ ಎಂದು ಲೆಕ್ಕ ಹಾಕುತ್ತಾರೆ. ತಪ್ಪಾದ, ಬಿಟ್ಟುಹೋದ, ಹೊಸದಾಗಿ ಸೇರಿದ ಪದಗಳನ್ನೆಲ್ಲ ಕೂಡಿಸಿ, ಮೂಲದ ಪದಗಳ ಸಂಖ್ಯೆಯಿಂದ ಭಾಗಿಸುವುದು. ಇಲ್ಲಿ 7 ಭಾಗಿಸು 14, ಅಂದರೆ 50%. ಅರ್ಧಕ್ಕರ್ಧ ತಪ್ಪು!

ಆದರೆ ಈ ಏಳೂ ತಪ್ಪುಗಳು ಒಂದೇ ತೂಕದವಲ್ಲ. ‘ನಮ್ದು’ ಹೋಗಿ ‘ನಮ್ಮದು’ ಆದರೆ, ‘ಕಡ್ಲಿ’ ಹೋಗಿ ‘ಕಡಲೆ’ ಆದರೆ ಅರ್ಥ ಕೆಡುವುದಿಲ್ಲ. ‘ಪೈಪಿನಾಗ’, ‘ನೀರು’ ಕೂಡ ಹಾಗೆಯೇ. ಈ ನಾಲ್ಕನ್ನು ಬದಿಗಿಟ್ಟರೆ ಉಳಿಯುವುದು ಮೂರು. ‘ದೀಡ’ ಹೋಗಿ ‘ದೊಡ್ಡ’ ಆಯಿತು, ಹೊಲದ ಅಳತೆಯೇ ಮಾಯವಾಯಿತು. ‘ಎರಿ’ ಹೋಗಿ ‘ಏರಿ’ ಆಯಿತು, ಕಪ್ಪು ಮಣ್ಣು ಹೋಗಿ ಕೆರೆಯ ಒಡ್ಡು ಬಂತು. ‘ಬಂದಿಲ್ರಿ’ ಹೋಗಿ ‘ಬಂದಿದೆ’ ಆಯಿತು, ರೈತರು ಹೇಳಿದ್ದು ಪೂರ್ತಿ ತಿರುವುಮುರುವಾಯಿತು.

ಈ ಮೂರರಲ್ಲಿ ಯಾವುದು ಹೆಚ್ಚು ಅಪಾಯಕಾರಿ? ‘ದೊಡ್ಡ ಎಕರೆ’ ಎಂದು ಓದಿದವರು “ಇದೇನಿದು” ಎಂದು ನಿಲ್ಲುತ್ತಾರೆ, ಧ್ವನಿಯನ್ನು ಮತ್ತೆ ಕೇಳುತ್ತಾರೆ. ‘ನೀರು ಸರಿಯಾಗಿ ಬಂದಿದೆ’ ಎಂದು ಓದಿದವರು ನಿಲ್ಲುವುದೇ ಇಲ್ಲ. ಆ ವಾಕ್ಯ ಚೆನ್ನಾಗಿದೆ, ವ್ಯಾಕರಣ ಸರಿಯಾಗಿದೆ, ಕನ್ನಡ ಅಚ್ಚುಕಟ್ಟಾಗಿದೆ. ಅದು ಹಾಗೆಯೇ ವರದಿಗೆ ಹೋಗುತ್ತದೆ, ರೈತರ ಹೆಸರಿನ ಜೊತೆಗೆ.

ಆ್ಯಪ್ ಹೀಗೇಕೆ ಮಾಡುತ್ತದೆ?

ಇಂಥ ಸಾಧನಗಳು ನಮ್ಮ ಹಾಗೆ ಅರ್ಥ ಮಾಡಿಕೊಂಡು ಬರೆಯುವುದಿಲ್ಲ. ಧ್ವನಿಯನ್ನು ಬಹಳ ಸಣ್ಣ ಸಣ್ಣ ತುಣುಕುಗಳಾಗಿ ಮಾಡಿ, ಪ್ರತಿ ತುಣುಕು ಯಾವ ಅಕ್ಷರದ್ದಿರಬಹುದು ಎಂದು ಅಂದಾಜು ಮಾಡುತ್ತವೆ. ಜೊತೆಗೆ, ಈ ಪದದ ನಂತರ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಎನ್ನುವ ಅನುಭವವನ್ನೂ ಬಳಸುತ್ತವೆ. ಧ್ವನಿ ಸ್ಪಷ್ಟವಾಗಿದ್ದರೆ ಕಿವಿ ಗೆಲ್ಲುತ್ತದೆ. ಧ್ವನಿ ಮಸುಕಾಗಿದ್ದರೆ ಅಭ್ಯಾಸ ಗೆಲ್ಲುತ್ತದೆ. ಹಿಂದೆ ಹೆಚ್ಚು ಸಲ ಕೇಳಿದ್ದನ್ನೇ ಅದು ಬರೆದುಬಿಡುತ್ತದೆ.

ಹಾಗಾದರೆ ಅದು ಹಿಂದೆ ಕೇಳಿದ್ದು ಯಾವ ಕನ್ನಡವನ್ನು? 2022ರ ಸೆಪ್ಟೆಂಬರಿನಲ್ಲಿ ಓಪನ್‌ಎಐ ಸಂಸ್ಥೆ ಬಿಡುಗಡೆ ಮಾಡಿದ ‘ವಿಸ್ಪರ್’ ಎಂಬ ಉಚಿತ ತಂತ್ರಾಂಶ 6,80,000 ಗಂಟೆಗಳ ಧ್ವನಿಯಿಂದ ಕಲಿತದ್ದು. ಅದರಲ್ಲಿ ಬಹುಪಾಲು ಇಂಗ್ಲಿಷ್. ಬರಹದ ಸಮೇತ ಅದು ಕೇಳಿದ ಕನ್ನಡ ಕೆಲವೇ ಗಂಟೆಗಳಷ್ಟು. ಹೊಸ ಆ್ಯಪ್‌ಗಳಲ್ಲಿ ಎಷ್ಟೋ ಒಳಗೊಳಗೆ ಇದನ್ನೇ ಬಳಸುತ್ತವೆ.

ನಮ್ಮ ದೇಶದಲ್ಲಿಯೂ ಕೆಲಸ ನಡೆದಿದೆ. ಮದ್ರಾಸ್ ಐಐಟಿಯ ‘ಎಐ4ಭಾರತ್’ ತಂಡ ಭಾರತೀಯ ಭಾಷೆಗಳಿಗಾಗಿಯೇ ಮಾದರಿಗಳನ್ನು ಕಟ್ಟಿ ಉಚಿತವಾಗಿ ಕೊಟ್ಟಿದೆ. ಆ ತಂಡದ ‘ಶ್ರುತಿಲಿಪಿ’ ಎಂಬ ಸಂಗ್ರಹ ಆಕಾಶವಾಣಿಯ ವಾರ್ತೆಗಳಿಂದ ಆಯ್ದದ್ದು. ವಾರ್ತೆ ಓದುವವರ ಕನ್ನಡ ಹೇಗಿರುತ್ತದೆ ಎಂದು ನಮಗೆ ಗೊತ್ತು. ಪ್ರತಿ ಪದವೂ ಬಿಡಿಸಿದಂತೆ, ಬರೆದದ್ದನ್ನೇ ಓದಿದಂತೆ. ಅಲ್ಲಿ ‘ಬಂದಿಲ್ರಿ’ ಇಲ್ಲ, ‘ದೀಡ’ ಇಲ್ಲ. ಈ ಕೊರತೆಯನ್ನು ತುಂಬಲು ಅದೇ ತಂಡ ‘ಇಂಡಿಕ್‌ವಾಯ್ಸಸ್’ ಎಂಬ ಸಂಗ್ರಹಕ್ಕಾಗಿ ಜಿಲ್ಲೆ ಜಿಲ್ಲೆಗೆ ಹೋಗಿ ಜನರ ಸಹಜ ಮಾತನ್ನು ಧ್ವನಿಮುದ್ರಿಸಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕೃಷಿ ಮತ್ತು ಹಣಕಾಸಿನ ಮಾತುಗಳನ್ನೇ ಗುರಿಯಾಗಿಟ್ಟು, ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಒಳನುಡಿಗಳನ್ನು ಸಂಗ್ರಹಿಸಿತು. ಇದರಿಂದ ಸುಧಾರಣೆ ಆಗುತ್ತಿದೆ. ಆದರೆ ನಿಮ್ಮ ಫೋನಿನಲ್ಲಿರುವ ಆ್ಯಪ್ ಯಾವ ಕನ್ನಡವನ್ನು ಕೇಳಿ ಬೆಳೆದಿದೆ ಎಂದು ಆ್ಯಪ್‌ನ ಪುಟ ಸಾಮಾನ್ಯವಾಗಿ ಹೇಳುವುದಿಲ್ಲ.

‘ಇಲ್ಲ’ ಎನ್ನುವುದೇ ಏಕೆ ಕಳೆದುಹೋಗುತ್ತದೆ?

ಇಂಗ್ಲಿಷಿನಲ್ಲಿ ನಿರಾಕರಣೆ ವಾಕ್ಯದ ಮಧ್ಯೆ ಬರುತ್ತದೆ. ಕನ್ನಡದಲ್ಲಿ ಅದು ಕೊನೆಗೆ ಬರುತ್ತದೆ, ಅದೂ ಕ್ರಿಯಾಪದಕ್ಕೆ ಅಂಟಿಕೊಂಡು. ಬಂದಿಲ್ಲ, ಬರಂಗಿಲ್ಲ, ಕೊಟ್ಟಿಲ್ರಿ. ಮಾತನಾಡುವಾಗ ನಮ್ಮೆಲ್ಲರ ದನಿ ಇಳಿಯುವುದೂ ವಾಕ್ಯದ ಕೊನೆಯಲ್ಲಿಯೇ. ಉಸಿರು ಮುಗಿದಿರುತ್ತದೆ, ಕೊನೆಯ ಅಕ್ಷರ ನುಂಗಿಹೋಗುತ್ತದೆ. ಎದುರಿಗೆ ಕೂತವರಿಗೆ ತಲೆ ಅಲ್ಲಾಡಿಸಿದ್ದು, ಕೈ ಆಡಿಸಿದ್ದು ಕಾಣುತ್ತದೆ. ಫೋನಿಗೆ ಕಾಣುವುದಿಲ್ಲ. ಅಂದರೆ ಅರ್ಥವನ್ನು ತೀರ್ಮಾನಿಸುವ ತುಣುಕು, ಅತಿ ಕಡಿಮೆ ದನಿಯಲ್ಲಿ ಬರುವ ತುಣುಕೂ ಆಗಿರುತ್ತದೆ.

ಇದೇ ರೀತಿ ಅಂಕಿಗಳೂ ಕೈಕೊಡುತ್ತವೆ. ಉತ್ತರ ಕರ್ನಾಟಕದಲ್ಲಿ ದೀಡ ನೂರು ಎಂದರೆ 150, ಅಡೀಚ ಸಾವಿರ ಎಂದರೆ 2,500. ಇವು ಮರಾಠಿಯ ನೆರೆಯಿಂದ ಬಂದ ಪದಗಳು, ಪಠ್ಯಪುಸ್ತಕದಲ್ಲಾಗಲಿ ವಾರ್ತೆಯಲ್ಲಾಗಲಿ ಸಿಗುವುದಿಲ್ಲ. ‘ದೀಡ ಸಾವಿರ’ದಲ್ಲಿ ಮೊದಲ ಪದ ಬಿಟ್ಟುಹೋದರೆ 1,500 ರೂಪಾಯಿ 1,000 ರೂಪಾಯಿ ಆಗುತ್ತದೆ. ಊರಿನ ಹೆಸರು, ಮನೆತನದ ಹೆಸರು, ಬೀಜದ ತಳಿಯ ಹೆಸರುಗಳದ್ದೂ ಇದೇ ಕಥೆ. ಇವಕ್ಕೆ ಅಕ್ಕಪಕ್ಕದ ಪದಗಳ ನೆರವಿಲ್ಲ. ಕಿವಿಗೆ ಬಿದ್ದಂತೆ ಬರೆಯಬೇಕು, ಇಲ್ಲವೇ ಗೊತ್ತಿರುವ ಬೇರೆ ಹೆಸರನ್ನು ತಂದು ಕೂರಿಸಬೇಕು.

ಯಾರೂ ಮಾತನಾಡದಿದ್ದರೂ ಬರೆಯುವುದುಂಟೇ?

ಉಂಟು. ರೈತರು ಯೋಚಿಸುತ್ತ ಸುಮ್ಮನಾದಾಗ, ಪಂಪ್‌ಸೆಟ್ ಸದ್ದು ಬಂದಾಗ, ಕೆಲವು ಸಾಧನಗಳು ಖಾಲಿ ಬಿಡುವ ಬದಲು ಏನಾದರೂ ಬರೆಯುತ್ತವೆ. ವಿಸ್ಪರ್ ಬಗ್ಗೆ 2024ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತಿನ ತುಣುಕುಗಳಲ್ಲಿ ಸುಮಾರು 1% ತುಣುಕುಗಳಿಗೆ ಯಾರೂ ಆಡದ ಮಾತು ಸೇರಿಕೊಂಡಿತ್ತು. ಹೆಚ್ಚು ಹೊತ್ತು ಮೌನವಿದ್ದ ಕಡೆ ಇದು ಹೆಚ್ಚು.

ಇದನ್ನು ಗುರುತಿಸಲು ಒಂದು ಸುಲಭ ದಾರಿ ಇದೆ. ಒಂದೇ ವಾಕ್ಯ ಮೂರು ನಾಲ್ಕು ಸಲ ಮರುಕಳಿಸಿದ್ದರೆ, ಅಥವಾ ಸಂಬಂಧವಿಲ್ಲದ ಕಡೆ “ಧನ್ಯವಾದಗಳು” ಎಂಬಂಥ ವಿಡಿಯೋ ಮುಕ್ತಾಯದ ಮಾತು ಬಂದಿದ್ದರೆ ಆ ಜಾಗದ ಧ್ವನಿಯನ್ನು ಕೇಳಿ. ಅಲ್ಲಿ ಬಹುತೇಕ ಮೌನ ಅಥವಾ ಸದ್ದು ಮಾತ್ರ ಇರುತ್ತದೆ.

ಯಾವ ಕೆಲಸಕ್ಕೆ ಯಾವ ಸಾಧನ?

ಸಂದೇಶಗಳು ಎಲ್ಲವನ್ನೂ “ಆ್ಯಪ್” ಎಂದು ಒಂದೇ ಹೆಸರಿನಿಂದ ಕರೆಯುತ್ತವೆ. ನಿಜದಲ್ಲಿ ಇವು ಮೂರು ಬಗೆ.

ಮೊದಲನೆಯದು ಧ್ವನಿ ಟೈಪಿಂಗ್. ಜಿಬೋರ್ಡ್ ಕೀಬೋರ್ಡಿನ ಮೈಕ್ ಗುರುತು ಒತ್ತಿದರೆ ಸಿಗುವುದು ಇದೇ. ಗೂಗಲ್ 2017ರಲ್ಲಿ ಇದಕ್ಕೆ ಕನ್ನಡವನ್ನು ಸೇರಿಸಿತು. ಇದು ಒಬ್ಬರೇ, ಫೋನಿನ ಹತ್ತಿರ, ಬಿಡಿಸಿ ಹೇಳುವ ಮಾತಿಗೆ ಮಾಡಿದ್ದು. ಸ್ವಲ್ಪ ಹೊತ್ತು ಸುಮ್ಮನಾದರೆ ಮೈಕ್ ನಿಂತುಹೋಗುತ್ತದೆ.

ಎರಡನೆಯದು ಆಗಿಂದಾಗಲೇ ಬರೆದು ತೋರಿಸುವ ಸಾಧನ. ಗೂಗಲ್‌ನ ‘ಲೈವ್ ಟ್ರಾನ್ಸ್‌ಕ್ರೈಬ್’ ಇಂಥದ್ದು. ಕಿವಿ ಸರಿಯಾಗಿ ಕೇಳದವರಿಗಾಗಿ ಮಾಡಿದ್ದು, ಕನ್ನಡವೂ ಇದೆ. ಎದುರಿನವರ ಮಾತನ್ನು ಆಗಲೇ ಓದಿಕೊಳ್ಳಲು ಇದು ಉಪಯುಕ್ತ. ಆದರೆ ಅದು ಬರೆದ ಬರಹದ ಮೇಲಷ್ಟೇ ನಂಬಿಕೆ ಇಟ್ಟು ಧ್ವನಿಮುದ್ರಣ ಮಾಡಿಕೊಳ್ಳದಿದ್ದರೆ, ಆಮೇಲೆ ತಾಳೆ ನೋಡಲು ಏನೂ ಉಳಿಯುವುದಿಲ್ಲ.

ಮೂರನೆಯದು ಧ್ವನಿಮುದ್ರಿಸಿದ ಫೈಲನ್ನು ಕೊಟ್ಟು ಬರಹ ಪಡೆಯುವ ಸಾಧನ. ವಿಸ್ಪರ್, ಎಐ4ಭಾರತ್‌ನ ಮಾದರಿಗಳು ಮತ್ತು ಹಣ ಕೊಟ್ಟು ಬಳಸುವ ಹಲವು ಸೇವೆಗಳು ಈ ಬಗೆಯವು. ಭಾಷಣಕ್ಕೂ ಸಂದರ್ಶನಕ್ಕೂ ಬೇಕಾದ್ದು ಇದೇ.

ಹಾಗಾದರೆ “ಧ್ವನಿಮುದ್ರಣವನ್ನು ಒಂದು ಫೋನಿನಲ್ಲಿ ಹಾಕಿ, ಇನ್ನೊಂದು ಫೋನಿನ ಧ್ವನಿ ಟೈಪಿಂಗ್‌ಗೆ ಕೇಳಿಸಿ” ಎನ್ನುವ ಉಪಾಯ? ಅದು ಅಷ್ಟಾಗಿ ನಡೆಯದು. ಹೊಲದ ಸದ್ದಿನ ಮೇಲೆ ಕೋಣೆಯ ಸದ್ದೂ ಸೇರುತ್ತದೆ, ಸಣ್ಣ ಸ್ಪೀಕರ್ ದನಿಯನ್ನು ಇನ್ನಷ್ಟು ಕೆಡಿಸುತ್ತದೆ, ರೈತರು ಸುಮ್ಮನಾದಾಗಲೆಲ್ಲ ಮೈಕ್ ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಎಂದರೆ ನೀವೇ ಇಯರ್‌ಫೋನ್ ಹಾಕಿ ಕೇಳುತ್ತ, ಕೇಳಿದ್ದನ್ನು ನಿಮ್ಮ ಬಾಯಿಂದ ನಿಧಾನವಾಗಿ ಧ್ವನಿ ಟೈಪಿಂಗ್‌ಗೆ ಹೇಳುವುದು. ಅರ್ಥ ಮಾಡಿಕೊಳ್ಳುವ ಕೆಲಸ ನಿಮ್ಮದಾಗುತ್ತದೆ, ಟೈಪ್ ಮಾಡುವ ಕೆಲಸ ಯಂತ್ರದ್ದಾಗುತ್ತದೆ. ಆಡುನುಡಿಯ ಪದಗಳನ್ನು ಮಾತ್ರ ನಂತರ ಕೈಯಿಂದ ಸರಿಪಡಿಸಬೇಕು.

ಧ್ವನಿಮುದ್ರಿಸುವಾಗಲೇ ಮಾಡಬೇಕಾದದ್ದು

ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ. ಫೋನ್ ಮಾತನಾಡುವವರ ಬಾಯಿಯಿಂದ ಒಂದು ಮೊಳದೊಳಗೆ ಇರಲಿ. ದೂರ ಎರಡು ಪಟ್ಟಾದರೆ ನೇರವಾಗಿ ಬಂದು ಮುಟ್ಟುವ ದನಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಫ್ಯಾನಿನ ಸದ್ದು ಮಾತ್ರ ಅಷ್ಟೇ ಇರುತ್ತದೆ. ಕೊನೆಯ ‘ಇಲ್ಲ’ ಮುಳುಗುವುದು ಆಗಲೇ. ಬಟ್ಟೆಗೆ ಸಿಕ್ಕಿಸುವ ಸಣ್ಣ ಮೈಕ್ ಇದ್ದರೆ ಬಹಳ ಒಳ್ಳೆಯದು. ಭಾಷಣವಾದರೆ ಸಭೆಯ ಹಿಂದಿನ ಸಾಲಿನಿಂದ ಮುದ್ರಿಸಬೇಡಿ, ಫೋನನ್ನು ಮಾತನಾಡುವವರ ಮೇಜಿನ ಮೇಲೆ ಇಡಿ.

ಅಂಕಿ ಬಂದಾಗ ನೀವೇ ಮರುಕೇಳಿ. “ದೀಡ ಅಂದ್ರ ಒಂದೂವರೆ ಎಕರೆ, ಹೌದಲ್ರಿ ಕಾಕಾ?” ಎಂದರೆ ಅದೇ ಮಾಹಿತಿ ಇನ್ನೊಂದು ಸಲ, ಇನ್ನೊಂದು ಪದದಲ್ಲಿ ದಾಖಲಾಗುತ್ತದೆ. “ಅಂದ್ರ ನೀರ ಬರಲೇ ಇಲ್ಲ?” ಎಂದೂ ಕೇಳಬಹುದು. ಯಂತ್ರ ಒಂದು ಕಡೆ ತಪ್ಪಿದರೂ ಇನ್ನೊಂದು ಕಡೆ ಸುಳಿವು ಉಳಿಯುತ್ತದೆ.

ಇನ್ನೊಂದು ಮಾತು. ಬಹಳಷ್ಟು ಆ್ಯಪ್‌ಗಳು ಧ್ವನಿಯನ್ನು ಬೇರೆಲ್ಲೋ ಇರುವ ಕಂಪ್ಯೂಟರಿಗೆ ಕಳಿಸಿ ಬರೆಸುತ್ತವೆ. ರೈತರು ಸಾಲದ ಬಗ್ಗೆ, ಅಧಿಕಾರಿಗಳ ಬಗ್ಗೆ ನಿಮ್ಮನ್ನು ನಂಬಿ ಹೇಳಿರುತ್ತಾರೆ. ಧ್ವನಿ ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆಯಿರಿ. ಸಂದೇಶದಲ್ಲಿ ಬಂದ ಗುರುತಿಲ್ಲದ ಕೊಂಡಿಯಿಂದ ಆ್ಯಪ್ ಇಳಿಸಿಕೊಂಡು ಅವರ ಮಾತನ್ನು ಅದಕ್ಕೆ ಕೊಡಬೇಡಿ.

ಬರಹ ಬಂದ ಮೇಲೆ ಪರೀಕ್ಷಿಸುವುದು ಹೇಗೆ?

ಫೈಲ್ ಕೊಡುವಾಗ ಭಾಷೆಯನ್ನು ‘ಕನ್ನಡ’ ಎಂದು ನೀವೇ ಆರಿಸಿ. ತಾನಾಗಿ ಗುರುತಿಸಲು ಬಿಟ್ಟರೆ ವಿಸ್ಪರ್ ಮೊದಲ 30 ಸೆಕೆಂಡು ಕೇಳಿ ತೀರ್ಮಾನಿಸುತ್ತದೆ. ಆ ಹೊತ್ತಿನಲ್ಲಿ ಇಂಗ್ಲಿಷಿನ ಪರಿಚಯದ ಮಾತೋ ಹಿಂದಿ ಹಾಡೋ ಇದ್ದರೆ ಇಡೀ ಬರಹ ಹಾಳಾಗಬಹುದು.

ಇಡೀ ಗಂಟೆಯ ಫೈಲನ್ನು ಒಮ್ಮೆಗೇ ಕೊಡುವ ಮೊದಲು, ಆರಂಭ, ಮಧ್ಯ, ಕೊನೆಯಿಂದ ಒಂದೊಂದು ನಿಮಿಷ ಕತ್ತರಿಸಿ ಕೊಟ್ಟು ನೋಡಿ. ಬಂದ ಬರಹವನ್ನು ಧ್ವನಿ ಕೇಳುತ್ತ ಓದಿ, ಅರ್ಥ ಕೆಡಿಸಿದ ತಪ್ಪುಗಳನ್ನು ಮಾತ್ರ ಎಣಿಸಿ. ನಮ್ಮ ಉದಾಹರಣೆಯಲ್ಲಿ ಅದು ಏಳಲ್ಲ, ಮೂರು. ಪ್ರತಿ ವಾಕ್ಯದಲ್ಲೂ ಇಂಥದ್ದು ಒಂದು ಸಿಗುತ್ತಿದ್ದರೆ, ತಿದ್ದುವುದಕ್ಕಿಂತ ಕೇಳಿ ಹೇಳುವ ದಾರಿಯೇ ಬೇಗ ಮುಗಿಯುತ್ತದೆ. ನಾಲ್ಕೈದು ವಾಕ್ಯಕ್ಕೊಂದು ಸಿಕ್ಕರೆ ಆ್ಯಪ್ ಬಳಸಿ ಮುಂದುವರಿಯಬಹುದು.

ಪೂರ್ತಿ ಬರಹ ಬಂದ ಮೇಲೆ ಮೂರು ಸಂಗತಿಗಳಿಗೆ ಗೆರೆ ಎಳೆಯಿರಿ: ಎಲ್ಲ ಅಂಕಿಗಳು, ಎಲ್ಲ ಹೆಸರುಗಳು, ಮತ್ತು ಹೌದು-ಇಲ್ಲ ತೀರ್ಮಾನಿಸುವ ಎಲ್ಲ ಕ್ರಿಯಾಪದಗಳು. ‘ಬಂದಿಲ್ಲ’ ಎಂದಿರುವ ಕಡೆ ಮಾತ್ರವಲ್ಲ, ‘ಬಂದಿದೆ’ ಎಂದಿರುವ ಕಡೆಯೂ ಧ್ವನಿ ಕೇಳಬೇಕು, ಏಕೆಂದರೆ ಕಳೆದುಹೋದ ‘ಇಲ್ಲ’ ಅಡಗಿರುವುದು ಅಲ್ಲಿಯೇ. ಎರಡು ಸಲ ಕೇಳಿದರೂ ತಿಳಿಯದಿದ್ದರೆ ಊಹಿಸಿ ತುಂಬಬೇಡಿ. ಆ ಜಾಗದಲ್ಲಿ ‘ಕೇಳಿಸುತ್ತಿಲ್ಲ’ ಎಂದು ಬರೆದು, ಎಷ್ಟನೇ ನಿಮಿಷ ಎಂದು ಗುರುತು ಹಾಕಿ. ಆದರೆ ರೈತರಿಗೇ ಫೋನ್ ಮಾಡಿ ಕೇಳಿ.

ಧ್ವನಿಯ ಫೈಲನ್ನು ಅಳಿಸಬೇಡಿ. “ನಾ ಹಂಗ ಹೇಳಿಲ್ರಿ” ಎಂದು ನಾಳೆ ಅವರು ಹೇಳಿದರೆ, ನಿಜ ಯಾವುದು ಎಂದು ತೋರಿಸುವುದು ಆ ಧ್ವನಿ ಮಾತ್ರ.

ಸಂದೇಶ ಹಂಚುವ ಮುನ್ನ

ಆ್ಯಪ್ ಮಾತನ್ನು ಕನ್ನಡದಲ್ಲಿ ಬರೆದುಕೊಡುತ್ತದೆ ಎನ್ನುವುದು ನಿಜ. 100% ಸರಿ ಎನ್ನುವುದು ಸುಳ್ಳು. ಅದು ಕೊಡುವುದು ಕರಡು ಪ್ರತಿ. ಭಾಷಣದ ಸಾರಾಂಶ ತಿಳಿಯಲು, ಯಾವ ನಿಮಿಷದಲ್ಲಿ ಏನು ಮಾತಾಯಿತು ಎಂದು ಹುಡುಕಲು ಆ ಕರಡು ಸಾಕು. ಒಬ್ಬರ ಹೆಸರು ಹಾಕಿ ಅವರ ಮಾತು ಎಂದು ಪ್ರಕಟಿಸಲು ಸಾಲದು. ಸಂದೇಶವನ್ನು ಮುಂದೆ ಕಳಿಸುವುದಾದರೆ ‘100% ಸರಿ’ ಎನ್ನುವುದನ್ನು ಅಳಿಸಿ, ‘ಅಂಕಿ, ಹೆಸರು, ಹೌದು-ಇಲ್ಲಗಳನ್ನು ಧ್ವನಿ ಕೇಳಿ ತಾಳೆ ನೋಡಿ’ ಎಂದು ಸೇರಿಸಿ ಕಳಿಸಿ.